ಅಪ್ರದಕ್ಷಿಣೆ ಮಾತ್ರ ಸುತ್ತುವ ಬಳೆ

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ನನ್ನ ಕೈಗಡಿಯಾರ ತೆಗೆದುಕೊಂಡು ಅರ್ಧ ಗಂಟೆ ಕಟಕಟ ಅನ್ನಿಸುತ್ತಾ ಕೂತಿದ್ದ. ಗಾಜಿನ ಸುತ್ತಲಿನ ಕಪ್ಪು ಬಳೆಯನ್ನು ಎಡಕ್ಕೆ ಎಷ್ಟು ಬೇಕಾದರೂ ತಿರುಗಿಸಬಹುದು, ಬಲಕ್ಕೆ ಒಂದು ಹಲ್ಲಿನಷ್ಟೂ ಕದಲದು. ಕೊನೆಗೆ ತಂದುಕೊಟ್ಟು, "ಮಾಮ, ಇದು ಒಂದೇ ಕಡೆ ತಿರುಗುತ್ತೆ, ಕೆಟ್ಟುಹೋಗಿದೆ" ಅಂದ. ಕೆಟ್ಟಿರಲಿಲ್ಲ. ಅದು ಡೈವರ್ಸ್ ವಾಚು. ಎರಡೂ ಕಡೆ ತಿರುಗಿದ್ದರೆ ಆಗ ಅದು ಕೆಟ್ಟಿದೆ ಎನ್ನಬೇಕಿತ್ತು.

ಆ ಬಳೆಗೆ ಬೆಜೆಲ್ ಎಂದು ಹೆಸರು. ಅದರ ಮೇಲೆ ಸೊನ್ನೆಯ ಜಾಗದಲ್ಲಿ ಒಂದು ತ್ರಿಕೋನ, ಅದರೊಳಗೆ ಕತ್ತಲಲ್ಲಿ ಹೊಳೆಯುವ ಚುಕ್ಕಿ. ಅಲ್ಲಿಂದ ಬಲಕ್ಕೆ 10, 20, 30 ಎಂದು ನಿಮಿಷಗಳ ಗುರುತು. ಬಳಕೆ ಇಷ್ಟೇ: ನೀರಿಗಿಳಿಯುವ ಗಳಿಗೆಯಲ್ಲಿ ನಿಮಿಷದ ಮುಳ್ಳು ಎಲ್ಲಿದೆಯೋ ಅಲ್ಲಿಗೆ ತ್ರಿಕೋನವನ್ನು ತಂದು ನಿಲ್ಲಿಸಬೇಕು. ಆಮೇಲೆ ಯಾವಾಗ ನೋಡಿದರೂ ಮುಳ್ಳಿನ ತುದಿ ಬೆಜೆಲ್‌ನ ಯಾವ ಅಂಕಿಯ ಎದುರಿಗಿದೆಯೋ ಅಷ್ಟು ನಿಮಿಷ ಕಳೆದಿದೆ ಎಂದು ಅರ್ಥ. ಎಷ್ಟು ಗಂಟೆಗೆ ಇಳಿದೆ ಎಂದು ನೆನಪಿಡಬೇಕಿಲ್ಲ, ಕಳೆಯುವ ಲೆಕ್ಕ ಮಾಡಬೇಕಿಲ್ಲ. ಮೂವತ್ತು ಮೀಟರ್ ಆಳಕ್ಕೆ ಹೋದರೆ ಒತ್ತಡದಲ್ಲಿ ಉಸಿರಾಡುವ ನೈಟ್ರೋಜನ್ ಕೆಲವರಿಗೆ ಸಣ್ಣಗೆ ಮತ್ತೇರಿಸುತ್ತದೆ. ಅಲ್ಲಿ ನಲವತ್ತೆಂಟರಲ್ಲಿ ಇಪ್ಪತ್ತಮೂರು ಕಳೆಯುವುದೂ ಕಷ್ಟದ ಕೆಲಸವೇ.

ಈ ಬಳೆ ಇಷ್ಟು ಮುಖ್ಯವಾಗಿದ್ದು ಏಕೆಂದು ತಿಳಿಯಲು 1950ರ ದಶಕದ ಫ್ರಾನ್ಸಿಗೆ ಹೋಗಬೇಕು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ವಿದ್ಯೆ ಆಗಿನ್ನೂ ಎಳೆಯದು. ಬ್ಲಾಂಪ್ಯಾನ್ ಎಂಬ ಸ್ವಿಸ್ ವಾಚ್ ಕಂಪನಿಯ ಮುಖ್ಯಸ್ಥ ಜಾನ್ ಜಾಕ್ ಫಿಶ್ಟರ್‌ಗೆ ಮುಳುಗುವ ಹುಚ್ಚು. ದಕ್ಷಿಣ ಫ್ರಾನ್ಸಿನ ಕಡಲಲ್ಲಿ ಒಮ್ಮೆ ಹೊತ್ತಿನ ಪರಿವೆ ತಪ್ಪಿ, ನೀರಿನಡಿಯಲ್ಲೇ ಗಾಳಿ ಮುಗಿದು, ಹೇಗೋ ಮೇಲೆ ಬಂದು ಉಳಿದುಕೊಂಡ. ಅದೇ ಕಾಲಕ್ಕೆ ಫ್ರೆಂಚ್ ನೌಕಾಪಡೆಯ ಯುದ್ಧಮುಳುಗುಗಾರರ ತುಕಡಿ ಕಟ್ಟುತ್ತಿದ್ದ ಬಾಬ್ ಮಲುಬಿಯೆ ಮತ್ತು ಕ್ಲೋಡ್ ರಿಫೊ ತಮ್ಮವರಿಗೊಂದು ವಾಚು ಹುಡುಕುತ್ತಿದ್ದರು. ಕಪ್ಪು ಮುಖ, ದೊಡ್ಡ ಅಂಕಿ, ತಿರುಗುವ ಹೊರಬಳೆ ಅವರ ಬೇಡಿಕೆ. ಎರಡೂ ಕಡೆಯ ಅಗತ್ಯ ಕೂಡಿ 1953ರಲ್ಲಿ 'ಫಿಫ್ಟಿ ಫ್ಯಾದಮ್ಸ್' ಹೊರಬಂತು. ಬಳೆ ತಾನಾಗಿ ಜರುಗಿದರೆ ಗತಿಯೇನು ಎಂಬ ಪ್ರಶ್ನೆ ಫಿಶ್ಟರ್‌ಗೆ ಆಗಲೇ ಹೊಳೆದಿತ್ತು. ಒತ್ತಿ ಹಿಡಿದರೆ ಮಾತ್ರ ತಿರುಗುವ ಬೆಜೆಲ್‌ಗೆ ಅವನು ಪೇಟೆಂಟ್ ಪಡೆದ.

ಬಳೆ ಜರುಗುವುದು ಸುಲಭ. ದೋಣಿಯ ಏಣಿಗೆ ಮಣಿಕಟ್ಟು ತಗಲುತ್ತದೆ, ಬೆನ್ನಿನ ಪಟ್ಟಿ ಬಿಗಿ ಮಾಡುವಾಗ ಉಜ್ಜುತ್ತದೆ, ಬಂಡೆಗೆ ತಾಗುತ್ತದೆ, ದಪ್ಪ ರಬ್ಬರ್ ತೋಳು ಎಳೆಯುತ್ತದೆ. ಮುಳುಗಿದವನಿಗೆ ಅದು ಗೊತ್ತೂ ಆಗದು. ಇಂಥ ತಪ್ಪನ್ನು ಪೂರ್ತಿ ತಪ್ಪಿಸಲಾಗದಿದ್ದರೂ ಅದು ಯಾವ ಕಡೆಗೆ ಬೀಳಬೇಕೆಂದು ಮೊದಲೇ ಗೊತ್ತುಮಾಡಬಹುದು. ಒಂದು ಲೆಕ್ಕ ಹಾಕಿ ನೋಡೋಣ.

ಹನ್ನೆರಡು ಲೀಟರಿನ ಸಿಲಿಂಡರ್, 200 ಬಾರ್ ಒತ್ತಡಕ್ಕೆ ತುಂಬಿದೆ. ಅಂದರೆ ಹೆಚ್ಚುಕಡಿಮೆ 2400 ಲೀಟರ್ ಗಾಳಿ. ಕೊನೆಯ 50 ಬಾರ್, ಅಂದರೆ 600 ಲೀಟರ್, ಆಪತ್ತಿಗೆಂದು ಮುಟ್ಟದೆ ಇಡುವ ಗಂಟು. ಖರ್ಚಿಗೆ ಉಳಿದದ್ದು 1800. ನಮ್ಮ ಮುಳುಗುಗಾರ ದಡದ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನು ಎಂದಿಟ್ಟುಕೊಳ್ಳಿ. ಇಪ್ಪತ್ತು ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟು, ಹಾಗಾಗಿ ಅದೇ ಉಸಿರಿಗೆ ನಿಮಿಷಕ್ಕೆ 60 ಲೀಟರ್ ಬೇಕು. ನಿಧಾನಕ್ಕೆ ಮೇಲೇರಿ, ಐದು ಮೀಟರಿನಲ್ಲಿ ಮೂರು ನಿಮಿಷ ನಿಂತು ಬರಲು ಸುಮಾರು 180 ಲೀಟರ್ ಹಿಡಿಯುತ್ತದೆ. ಆದ್ದರಿಂದ 25ನೇ ನಿಮಿಷಕ್ಕೆ ಮೇಲಕ್ಕೆ ಹೊರಡುವುದೆಂದು ಅವನು ನಿಶ್ಚಯಿಸುತ್ತಾನೆ. 25 ನಿಮಿಷಕ್ಕೆ 1500, ವಾಪಸಾತಿಗೆ 180. ಗಂಟು ಹಾಗೇ ಉಳಿಯುತ್ತದೆ.

ಹತ್ತು ಗಂಟೆ ಇಪ್ಪತ್ತಮೂರು ನಿಮಿಷಕ್ಕೆ ಇಳಿದ. ತ್ರಿಕೋನ 23ರ ಮೇಲಿದೆ. ಬೆಜೆಲ್‌ನ 25ರ ಗುರುತು ವಾಚಿನ 48ನೇ ನಿಮಿಷದ ಎದುರಿಗೆ ಕೂತಿದೆ. ಇಳಿಯುವಾಗ ಏಣಿಗೆ ಕೈ ತಗಲಿ ಬೆಜೆಲ್ ನಾಲ್ಕು ನಿಮಿಷದಷ್ಟು ಜರುಗಿತು.

ಅದು ಎಡಕ್ಕೆ, ಅಪ್ರದಕ್ಷಿಣವಾಗಿ ಜರುಗಿದ್ದರೆ ತ್ರಿಕೋನ 19ಕ್ಕೆ ಹೋಯಿತು, 25ರ ಗುರುತು 44ಕ್ಕೆ ಬಂತು. ಗಂಟೆ 10:44 ಆದಾಗಲೇ ವಾಚು 25 ನಿಮಿಷ ಮುಗಿಯಿತು ಎನ್ನುತ್ತದೆ. ನಿಜವಾಗಿ ಆಗಿರುವುದು 21. ಅವನು ನಾಲ್ಕು ನಿಮಿಷ ಮೊದಲೇ ಹೊರಡುತ್ತಾನೆ. ಕಳೆದುಕೊಂಡದ್ದು ನಾಲ್ಕು ನಿಮಿಷದ ಮೀನು ನೋಡುವ ಸುಖ, ಉಳಿದದ್ದು ಹೆಚ್ಚುವರಿ 240 ಲೀಟರ್ ಗಾಳಿ.

ಬಲಕ್ಕೆ ಜರುಗುವಂತಿದ್ದರೆ? ತ್ರಿಕೋನ 27ಕ್ಕೆ, 25ರ ಗುರುತು 52ಕ್ಕೆ. ವಾಚು 25 ಎಂದು ತೋರಿಸುವಾಗ ನಿಜಕ್ಕೂ 29 ನಿಮಿಷ ಕಳೆದಿರುತ್ತದೆ. ಅಷ್ಟರಲ್ಲಿ 1740 ಲೀಟರ್ ಖಾಲಿ. ಮೇಲೇರುವ 180 ಸೇರಿಸಿದರೆ 1920, ಅಂದರೆ ಆಪದ್ಧನಕ್ಕೆ 120 ಲೀಟರ್ ಕೈಹಾಕಿದಂತಾಯಿತು. ಇಷ್ಟರಿಂದಲೇ ಪ್ರಾಣ ಹೋಗುತ್ತದೆ ಎಂದು ಹೆದರಿಸುವುದಿಲ್ಲ. ಆದರೆ ಆ ಗಂಟು ಇಟ್ಟದ್ದು ಜೊತೆಗಾರನ ಗಾಳಿ ಮುಗಿದರೆ, ಬಲೆಗೆ ಕಾಲು ಸಿಕ್ಕರೆ ಎಂದು. ಅದನ್ನು ಅರಿವಿಲ್ಲದೆ ಉಂಡುಬಿಟ್ಟ ಮೇಲೆ ಬಲೆ ಸಿಕ್ಕರೆ ಏನು ಗತಿ? ಇನ್ನೂ ಆಳಕ್ಕೆ ಹೋದರೆ ಗಾಳಿಯ ಜೊತೆಗೆ ಇನ್ನೊಂದು ಕಾಟ ಸೇರುತ್ತದೆ. ಹವ್ಯಾಸಿ ಮುಳುಗುಗಾರರು ಬಹಳ ಕಾಲದಿಂದ ಬಳಸುವ ಪ್ಯಾಡಿ ಸಂಸ್ಥೆಯ ಕೋಷ್ಟಕದ ಪ್ರಕಾರ 30 ಮೀಟರಿನಲ್ಲಿ ಗರಿಷ್ಠ 20 ನಿಮಿಷ ಇರಬಹುದು. ಮೀರಿದರೆ ರಕ್ತ ಮಾಂಸದಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ದಾರಿಯಲ್ಲಿ ಕಡ್ಡಾಯವಾಗಿ ನಿಂತು ನಿಂತು ಬರಬೇಕು, ಇಲ್ಲವಾದರೆ ಅದು ಸೋಡಾ ಬಾಟಲಿ ತೆಗೆದಂತೆ ಗುಳ್ಳೆಯೇಳುತ್ತದೆ. 24 ನಿಮಿಷವನ್ನು 20 ಎಂದು ತೋರಿಸುವ ವಾಚು ಅಲ್ಲಿ ಕೈಯಲ್ಲಿ ಇಲ್ಲದಿರುವುದೇ ಮೇಲು.

ಹೀಗಾಗಿ ಬಳೆಗೆ ಎಡಗಡೆಯ ದಾರಿ ಮಾತ್ರ ಬಿಟ್ಟು ಬಲಗಡೆಯದನ್ನು ಮುಚ್ಚಿದರು. ಮುಚ್ಚಿದ ಬಗೆ ಸೈಕಲ್ ಓಡಿಸಿದವರಿಗೆಲ್ಲ ಪರಿಚಿತ. ಪೆಡಲನ್ನು ಹಿಂದಕ್ಕೆ ತುಳಿದರೆ ಟಿಕಿಟಿಕಿ ಎಂದು ಸುಮ್ಮನೆ ತಿರುಗುತ್ತದೆ, ಮುಂದಕ್ಕೆ ತುಳಿದರೆ ಗಟ್ಟಿಯಾಗಿ ಹಿಡಿಯುತ್ತದೆ. ಫ್ರೀವೀಲಿನ ಒಳಗೆ ಗರಗಸದಂಥ ಹಲ್ಲುಗಳಿವೆ, ಒಂದು ಬದಿ ಇಳಿಜಾರು, ಇನ್ನೊಂದು ಬದಿ ಗೋಡೆ. ಬೆಜೆಲ್‌ನ ತಳದಲ್ಲೂ ಅಂಥದ್ದೇ ಹಲ್ಲಿನ ಸಾಲು ಇರುತ್ತದೆ. ಅದರ ಕೆಳಗೆ ವಾಚಿನ ಕವಚದ ಮೇಲೆ ತುದಿ ಬಾಗಿದ ತೆಳು ಸ್ಪ್ರಿಂಗ್ ತಗಡು, ಕೆಲವದರಲ್ಲಿ ಸ್ಪ್ರಿಂಗಿನ ಮೇಲೆ ಕೂತ ಪುಟ್ಟ ಪಿನ್ನು. ಎಡಕ್ಕೆ ತಿರುಗಿಸಿದರೆ ತಗಡಿನ ತುದಿ ಇಳಿಜಾರನ್ನು ಹತ್ತಿ ಮುಂದಿನ ಗುಂಡಿಗೆ ಬೀಳುತ್ತದೆ, ಆ ಬೀಳುವ ಸದ್ದೇ ನನ್ನ ಸೋದರಳಿಯ ಕೇಳಿಸಿಕೊಂಡ ಕಟಕಟ. ಬಲಕ್ಕೆ ತಿರುಗಿಸಹೋದರೆ ತುದಿ ಗೋಡೆಗೆ ಒತ್ತಿ ನಿಲ್ಲುತ್ತದೆ.

ಸಾಮಾನ್ಯವಾಗಿ ಸುತ್ತಿಗೆ 120 ಸದ್ದು, ಒಂದೊಂದಕ್ಕೆ ಅರ್ಧ ನಿಮಿಷ. ಕೆಲವದರಲ್ಲಿ 60. ಇದರಲ್ಲೊಂದು ತಮಾಷೆ ಇದೆ. ತ್ರಿಕೋನ ಕೂರಿಸುವಾಗ ಅವಸರದಲ್ಲಿ ಒಂದು ಹಲ್ಲು ಮುಂದೆ ಹೋಯಿತೆನ್ನಿ, ಹಿಂದಕ್ಕೆ ತರುವಂತಿಲ್ಲ. ಸರಿಮಾಡಲು ಇನ್ನೂ 119 ಹಲ್ಲು ಸುತ್ತಬೇಕು. ನಾನಂತೂ ಸುತ್ತುವುದಿಲ್ಲ. ಆ ಅರ್ಧ ನಿಮಿಷವೂ ವಾಚು ಹೆಚ್ಚು ತೋರಿಸುವ ಕಡೆಗೇ ಬೀಳುತ್ತದೆ.

ಇಷ್ಟು ಸರಳ ಉಪಾಯ ಎಲ್ಲರಿಗೂ ಒಮ್ಮೆಲೇ ಹೊಳೆಯಲಿಲ್ಲ. ರೋಲೆಕ್ಸ್‌ನ ಪ್ರಸಿದ್ಧ ಸಬ್‌ಮರೀನರ್ ಕೂಡ ಸುಮಾರು 1980ರ ಆಸುಪಾಸಿನವರೆಗೆ ಎರಡೂ ಕಡೆ ತಿರುಗುವ, ಬರಿಯ ಉಜ್ಜುವಿಕೆಯಿಂದ ನಿಲ್ಲುವ ಬೆಜೆಲ್ ಹೊತ್ತಿತ್ತು. ಒಮೆಗಾ ಕಂಪನಿ 1970ರ ದಶಕದ ಆರಂಭದ ಪ್ಲೋಪ್ರೊಫ್ ವಾಚಿಗೆ ಪಕ್ಕದಲ್ಲೊಂದು ಕೆಂಪು ಗುಂಡಿ ಇಟ್ಟಿತು, ಅದನ್ನು ಒತ್ತಿದರೆ ಮಾತ್ರ ಬಳೆ ಬಿಡಿಸಿಕೊಳ್ಳುತ್ತದೆ, ಆಗ ಯಾವ ಕಡೆಗಾದರೂ ತಿರುಗಿಸಬಹುದು. ಮುಳುಗುವ ವಾಚುಗಳಿಗೆ ಇಂದು ಅನ್ವಯಿಸುವ ಐಎಸ್ಒ 6425 ಎಂಬ ಅಂತಾರಾಷ್ಟ್ರೀಯ ಮಾನದಂಡ ಕೇಳುವುದು ಸಮಯ ಗುರುತಿಸುವ ಸಾಧನ ತಾನಾಗಿ ಜರುಗದಂತೆ ಕಾಪಿಡಬೇಕು, ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಓದಲು ಬರಬೇಕು ಎಂದು. ಹೆಚ್ಚಿನ ಕಂಪನಿಗಳು ಅದಕ್ಕೆ ಕೊಟ್ಟ ಉತ್ತರ ಈ ಏಕಮುಖ ಹಲ್ಲು. ಬೇರೆ ಊರಿನ ಗಂಟೆ ತೋರಿಸುವ ಜಿಎಂಟಿ ವಾಚುಗಳ ಬೆಜೆಲ್ ಮಾತ್ರ ಎರಡೂ ಕಡೆ ತಿರುಗುವುದುಂಟು. ಅಲ್ಲಿ ತಪ್ಪಿದರೆ ಹೆಚ್ಚೆಂದರೆ ದುಬೈಯಲ್ಲಿರುವ ತಮ್ಮನಿಗೆ ಅಪವೇಳೆಯಲ್ಲಿ ಫೋನ್ ಹೋಗುತ್ತದೆ.

ಈ ಹಲ್ಲು ಕಾಯುವುದು ಜರುಗಿದ ತಪ್ಪನ್ನು ಮಾತ್ರ. ತ್ರಿಕೋನವನ್ನು ನಿಮಿಷದ ಮುಳ್ಳಿಗೆ ಬದಲು ಗಂಟೆಯ ಮುಳ್ಳಿಗೆ ಕೂರಿಸಿದರೆ, ಕೂರಿಸುವುದನ್ನೇ ಮರೆತರೆ ಅದು ಅಸಹಾಯಕ. ಅರವತ್ತು ನಿಮಿಷ ದಾಟಿದರೆ ಮುಳ್ಳು ಮತ್ತೆ ತ್ರಿಕೋನಕ್ಕೆ ಬರುತ್ತದೆ, ಎಷ್ಟನೆಯ ಸುತ್ತು ಎಂದು ಬಳೆ ಹೇಳದು. ಆಳ, ಒತ್ತಡ ಯಾವುದೂ ಅದಕ್ಕೆ ತಿಳಿಯದು. ಅದಕ್ಕೇ ಈಗ ಹೆಚ್ಚಿನವರು ಆಳವನ್ನೂ ಲೆಕ್ಕಕ್ಕೆ ಹಿಡಿಯುವ ಡೈವ್ ಕಂಪ್ಯೂಟರನ್ನೇ ಮಣಿಕಟ್ಟಿಗೆ ಕಟ್ಟುತ್ತಾರೆ. ಬ್ಯಾಟರಿ ಕೈಕೊಟ್ಟ ದಿನಕ್ಕೆಂದು ಬೆಜೆಲ್ ವಾಚು ಇನ್ನೊಂದು ಕೈಯಲ್ಲಿರುತ್ತದೆ.

ಆ ದಿನಕ್ಕೆ ಅದು ಒದಗಬೇಕಾದರೆ ಬಳೆಯ ಅಡಿಯಲ್ಲಿ ಉಪ್ಪು, ಮರಳು ಕೂರಬಾರದು. ಕೂತರೆ ಮೊದಲು ಬಳೆ ಬಿಗಿಯಾಗುತ್ತದೆ, ಆಮೇಲೆ ಸದ್ದು ಮಂಕಾಗುತ್ತದೆ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಮುಳುಗಿ ಬಂದಿರಾದರೆ, ಅಂದೇ ವಾಚನ್ನು ಸಿಹಿನೀರಿನಲ್ಲಿ ಅದ್ದಿ ಬೆಜೆಲನ್ನು ನಾಲ್ಕು ಸುತ್ತು ತಿರುಗಿಸಿ ತೊಳೆಯಿರಿ. ಹಳೆಯ ವಾಚು ಕೊಳ್ಳುವಾಗ ಬಳೆಯನ್ನು ಬಲಕ್ಕೆ ತಿರುಗಿಸಲು ಯತ್ನಿಸಿ. ಕೂದಲೆಳೆಯಷ್ಟು ಅಲುಗಾಡಿ ನಿಂತರೆ ಚಿಂತೆಯಿಲ್ಲ. ಒಂದು ಹಲ್ಲು ದಾಟಿ ಬಲಕ್ಕೆ ಬಂತೋ, ಒಳಗಿನ ಸ್ಪ್ರಿಂಗ್ ಸವೆದಿದೆ ಅಥವಾ ಮುರಿದಿದೆ. ಅದನ್ನು ಬದಲಿಸುವವರೆಗೆ ಆ ವಾಚು ಕಟ್ಟಿಕೊಂಡು ನೀರಿಗಿಳಿಯಬೇಡಿ.