ಪುಟ್ಟಣ್ಣ ಇಟಲಿಗೆ ಹೊರಟಾಗ

ಹಳೆ ಮೈಸೂರು ಸೀಮೆಯ ಹುಡುಗನೊಬ್ಬನ ಹೆಸರು ಪಿ. ಅನಿಲ್ ಎಂದಿಟ್ಟುಕೊಳ್ಳೋಣ. ಪಿ ಅಂದರೆ ಪುಟ್ಟಣ್ಣ, ಅವನ ಅಪ್ಪ. ಶಾಲೆಯ ಹಾಜರಿ ಪುಸ್ತಕದಿಂದ ಎಂಜಿನಿಯರಿಂಗ್ ಅಂಕಪಟ್ಟಿಯವರೆಗೆ ಆ ಒಂದಕ್ಷರ ತನ್ನ ಪಾಡಿಗೆ ತಾನಿತ್ತು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಎಂಬ ಖಾಲಿ ಜಾಗವೂ ಎದುರಿಗೇ ಇತ್ತು. ಅಪ್ಪನ ಹೆಸರು ಅಲ್ಲಿ ಹೋಗಿ ಕೂತಿತು. ಮುಂದೆ ಓದಲು ಹುಡುಗ ಮಿಲಾನ್ ನಗರದ ಪಾಲಿಟೆಕ್ನಿಕೊಗೆ ಹೊರಟ.

ಇಟಲಿಯಲ್ಲಿ ಕಚೇರಿ, ಆಸ್ಪತ್ರೆ, ಪರೀಕ್ಷೆಯ ಪಟ್ಟಿ, ಎಲ್ಲೆಡೆ ಮುಂದೆ ನಿಲ್ಲುವುದು ಮನೆತನದ ಹೆಸರು. ಅಪಾರ್ಟ್‌ಮೆಂಟಿನ ಬಾಗಿಲ ಕರೆಗಂಟೆಯ ಪಕ್ಕದಲ್ಲಿ ಬರೆಯುವುದೂ ಅದನ್ನೇ. ಅಲ್ಲಿ ಅನಿಲ್ ಹಿಂದೆ ಸರಿಯುತ್ತಾನೆ, ಪುಟ್ಟಣ್ಣ ಮುಂದೆ ಬರುತ್ತಾರೆ. ಆದರೆ ಇಟಾಲಿಯನ್ ಭಾಷೆಯಲ್ಲಿ 'ಪುತ್ತಾನ' ಎಂದರೆ ಸೂಳೆ. ಬೀದಿ ಜಗಳದಲ್ಲಿ ಬಳಸುವ ಬೈಗುಳ ಅದು.

ಎರಡರ ನಡುವೆ ವ್ಯತ್ಯಾಸ ಇಲ್ಲದಿಲ್ಲ. ಇಟಾಲಿಯನ್ ಪದದಲ್ಲಿ 'ತ'ಕ್ಕೆ ಒತ್ತಿದೆ, 'ನ'ಕ್ಕೆ ಇಲ್ಲ. ನಮ್ಮ ಹೆಸರಿನಲ್ಲಿ ಎರಡಕ್ಕೂ ಇದೆ. ಕನ್ನಡದಲ್ಲಿ ಹಣ ಬೇರೆ, ಹಣ್ಣು ಬೇರೆ ಆಗುವಂತೆ ಇಟಾಲಿಯನ್ನಿನಲ್ಲೂ ಒತ್ತಕ್ಷರ ಅರ್ಥ ಬದಲಿಸುತ್ತದೆ. ಹಾಗಾಗಿ ನಿಧಾನವಾಗಿ ಓದುವವರಿಗೆ ಇದು ಬೇರೆ ಪದವೆಂದು ತಿಳಿಯುತ್ತದೆ. ತೊಂದರೆ ಏನೆಂದರೆ, ಇಟಲಿಯ ಉತ್ತರ ಭಾಗದ ಜನರ ಮಾತಿನಲ್ಲಿ ಒತ್ತುಗಳು ಸಡಿಲ. ಮಿಲಾನ್ ಇರುವುದು ಉತ್ತರದಲ್ಲಿಯೇ.

ಕೇಳುವವರಿಗೆ ಹೇಗನ್ನಿಸಬಹುದು ಎಂಬುದನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. ಮರಾಠಿಯಲ್ಲಿ ಸುಳೆ ಎಂಬ ಮನೆತನದ ಹೆಸರಿದೆ. ಆ ಭಾಷೆಯಲ್ಲಿ ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಅದನ್ನು ಮೊದಲ ಸಲ ಕೇಳಿದ ಕನ್ನಡಿಗರ ಮುಖದಲ್ಲಿ ಒಂದು ಗಳಿಗೆ ಮೂಡುವ ಗಲಿಬಿಲಿಯೇ ಪುಟ್ಟಣ್ಣನವರ ಹೆಸರು ಓದುವ ಇಟಲಿಯ ಗುಮಾಸ್ತರ ಮುಖದಲ್ಲೂ ಮೂಡುತ್ತದೆ. ಅದರಲ್ಲಿ ಅಪಮಾನದ ಉದ್ದೇಶವಿಲ್ಲ. ಆದರೆ ಆ ಗಲಿಬಿಲಿಯನ್ನು ದಿನಕ್ಕೆ ಹತ್ತು ಸಲ ನೋಡುವವನಿಗೆ ದಣಿವಾಗುತ್ತದೆ.

ಇಷ್ಟಾಗಿಯೂ ಈ ಎರಡು ಭಾಷೆಗಳು ಇನ್ನೊಂದು ಕಡೆ ಚೆಂದವಾಗಿ ಭೇಟಿಯಾಗುತ್ತವೆ. ಇಟಲಿಯ ಹಳೆಯ ಚಿತ್ರಗಳಲ್ಲಿ ರೆಕ್ಕೆಯ ಗುಂಡುಗುಂಡು ಮಕ್ಕಳಿರುತ್ತವಲ್ಲ, ಕಲಾವಿದರು ಅವನ್ನು ಕರೆಯುವುದು 'ಪುತ್ತಿ' ಎಂದು. ಒಂದೇ ಮಗುವಾದರೆ 'ಪುತ್ತೊ'. ಹುಡುಗ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದು ಬಂದಿದೆ. ನಮ್ಮ ಮನೆಗಳ ಪುಟ್ಟಿ, ಪುಟ್ಟರಿಗೂ ಅದಕ್ಕೂ ಇರುವ ಈ ಹೋಲಿಕೆಯನ್ನು ಇಟಾಲಿಯನ್ ಗೆಳೆಯರಿಗೆ ಹೇಳಿದರೆ ಮಾತು ಬೇರೆಯೇ ದಾರಿ ಹಿಡಿಯುತ್ತದೆ.

ಸ್ಪ್ಯಾನಿಷ್ ಮತ್ತು ಪೋರ್ಚುಗೀಸಿನಲ್ಲಿ ಪರಿಸ್ಥಿತಿ ಇನ್ನೂ ಬಿಗಿ. 'ಪುತ' ಎಂಬ ಎರಡೇ ಅಕ್ಷರಕ್ಕೆ ಅಲ್ಲಿ ಅದೇ ಅರ್ಥ. ಸ್ಪ್ಯಾನಿಷ್‌ನವರಿಗೆ 'ತ'ದ ಒತ್ತು ಇಲ್ಲವೇ ಇಲ್ಲ, ಆದ್ದರಿಂದ ಪುಟ್ಟಸ್ವಾಮಿ, ಪುಟ್ಟರಾಜು, ಪುಟ್ಟಮ್ಮ ಎಲ್ಲರ ಮೊದಲರ್ಧವೂ ಅವರ ಬಾಯಲ್ಲಿ ಹಾಗೇ ಆಗುತ್ತದೆ. ಆದರೂ ಹೆಸರಿನ ಗತಿ ಅಲ್ಲಿಗೇ ಮುಗಿಯುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಹೊರದೇಶಗಳ ಕಾನೂನು ಬರಹಗಳಲ್ಲೂ ಅವರ ಹೆಸರಿನಿಂದಲೇ ಪರಿಚಿತ.

ಅನಿಲ್‌ನ ವಿಷಯಕ್ಕೆ ಮರಳಿದರೆ, ಅವನ ಹೆಸರಿನಲ್ಲಿ ದೋಷವಿಲ್ಲ, ಅಪ್ಪನ ಹೆಸರಿನಲ್ಲೂ ಇಲ್ಲ. ಯಾವ ಪದ ಯಾವ ಖಾನೆಯಲ್ಲಿ ಕೂತಿದೆ ಎಂಬುದರಲ್ಲಿ ಎಡವಟ್ಟಾಗಿದೆ. ಮೊದಲ ಪಾಸ್‌ಪೋರ್ಟ್ ಮಾಡಿಸುವಾಗಲೇ ಗಮನಿಸಿದ್ದರೆ ಅವನಿಗೊಂದು ಆಯ್ಕೆಯಿತ್ತು. ತನ್ನ ಹೆಸರನ್ನು ಸರ್‌ನೇಮ್ ಜಾಗದಲ್ಲಿ, ಅಪ್ಪನ ಹೆಸರನ್ನು ಗಿವನ್ ನೇಮ್ ಜಾಗದಲ್ಲಿ ಬರೆಸುವವರು ದಕ್ಷಿಣ ಭಾರತದಲ್ಲಿ ಬೇಕಾದಷ್ಟಿದ್ದಾರೆ. ಆಗ ಇಟಲಿಯ ಪಟ್ಟಿಗಳಲ್ಲಿ ಮುಂದೆ ಬರುವುದು ಅನಿಲ್. ಸರ್‌ನೇಮ್ ಖಾಲಿ ಬಿಡುವುದು ಒಳ್ಳೆಯ ಉಪಾಯವಲ್ಲ. ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿಗೆ ಭೇಟಿ ವೀಸಾ ಕೊಡುವುದನ್ನು ಯುಎಇ 2022ರ ನವೆಂಬರ್‌ನಲ್ಲಿ ನಿಲ್ಲಿಸಿತು. ಅಮೆರಿಕದ ವೀಸಾದಲ್ಲಿ ಅಂಥವರ ಮೊದಲ ಹೆಸರಿನ ಜಾಗದಲ್ಲಿ 'ಗೊತ್ತಿಲ್ಲ' ಎಂಬರ್ಥದ FNU ಎಂಬ ಮೂರಕ್ಷರ ಬೀಳುತ್ತದೆ.

ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಹೆಸರು ಬದಲಿಸುವುದು ಉದ್ದನೆಯ ದಾರಿ. ಅಫಿಡವಿಟ್ ಮಾಡಿಸಬೇಕು, ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಆಮೇಲೆ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಬೇಕು. ಅಷ್ಟಾದರೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ಪದವಿ ಪ್ರಮಾಣಪತ್ರದಲ್ಲಿ ಹಳೆಯ ಹೆಸರೇ ಉಳಿದಿರುತ್ತದೆ. ಎರಡೂ ಒಬ್ಬನದೇ ಎಂದು ಹೋದಲ್ಲೆಲ್ಲ ಸಾಬೀತು ಮಾಡುತ್ತಿರಬೇಕಾಗುತ್ತದೆ. ಒಂದು ನಗೆಯನ್ನು ತಪ್ಪಿಸಿಕೊಳ್ಳಲು ಇಷ್ಟು ತೊಡಕು ಮೈಮೇಲೆ ಹಾಕಿಕೊಳ್ಳುವುದು ಹೆಚ್ಚಿನವರಿಗೆ ಬೇಕಿಲ್ಲದ ಕೆಲಸ.

ಇಂಗ್ಲಿಷ್ ದೇಶಗಳಿಗೆ ಹೋಗುವವರಿಗೆ ಕಾಟ ಬರುವುದು ಉಚ್ಚಾರಕ್ಕಿಂತ ಹೆಚ್ಚಾಗಿ ಕಾಗುಣಿತದಿಂದ. ರಕ್ಷಿತ್, ಹರ್ಷಿತ್, ದೀಕ್ಷಿತ್ ಎಂಬ ಸುಂದರ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದರೆ ಎಸ್, ಎಚ್, ಐ, ಟಿ ಒಟ್ಟಿಗೆ ಬರುತ್ತವೆ. ಆ ನಾಲ್ಕಕ್ಷರ ಸೇರಿದರೆ ಮಲ. ದೀಕ್ಷಿತ್ ಮನೆತನದ ಹಲವರು ನಡುವೆ ಎಕ್ಸ್ ಬಳಸಿ Dixit ಎಂದು ಬರೆಯುತ್ತಾರೆ, ಅದರಿಂದ ಪದ ಮಾಯವಾಗುತ್ತದೆ. ಕರ್ನಾಟಕದ ರೂಢಿಯಂತೆ ಕೊನೆಗೆ ಎಚ್ ಸೇರಿಸಿದರೆ ಓದುವವರ ಕಣ್ಣಿಗೆ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಆದರೆ ಕೆಟ್ಟ ಪದ ಹುಡುಕುವ ಕಂಪ್ಯೂಟರ್ ಜರಡಿಗೆ ನಾಲ್ಕಕ್ಷರ ಸಿಕ್ಕರೆ ಸಾಕು. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಎಂಬ ಊರಿನ ಜನ ಎಒಎಲ್ ಖಾತೆ ತೆರೆಯಲಾಗದೆ ಪೇಚಾಡಿದ್ದು ಇದೇ ಕಾರಣಕ್ಕೆ, ಊರ ಹೆಸರಿನ ಹೊಟ್ಟೆಯೊಳಗೆ ಒಂದು ಕೊಳಕು ಪದ ಅಡಗಿತ್ತು.

ಕಂಪನಿಯ ಇಮೇಲ್ ವಿಳಾಸ ಇನ್ನೊಂದು ಬಲೆ. ಮೊದಲ ಹೆಸರಿನ ಮೊದಲಕ್ಷರಕ್ಕೆ ಮನೆತನದ ಹೆಸರನ್ನು ಜೋಡಿಸುವುದು ಹಲವೆಡೆ ಇರುವ ಪದ್ಧತಿ. ಉತ್ತರ ಕರ್ನಾಟಕದ ಹಿತ್ತಲಮನಿ ಮನೆತನದಲ್ಲಿ ಸುಧಾ, ಸಂಗೀತಾ, ಸುರೇಶ ಯಾರೇ ಇರಲಿ, ಆ ಲೆಕ್ಕದಲ್ಲಿ ಅವರ ವಿಳಾಸ shittalamani ಎಂದಾಗುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಹೆಸರು ನಿರಪಾಯಕಾರಿ. ಕೆಲಸಕ್ಕೆ ಸೇರುವ ಮುನ್ನವೇ ನಡುವೆ ಚುಕ್ಕೆ ಹಾಕಿ, ಇಲ್ಲವೇ ಪೂರ್ತಿ ಹೆಸರು ಬಳಸಿ ಎಂದು ಕೇಳಿಕೊಂಡರೆ ಐದು ನಿಮಿಷದಲ್ಲಿ ಮುಗಿಯುವ ಕೆಲಸವಿದು.

ಹೋಲಿಕೆಯೆಲ್ಲ ತೊಂದರೆಯೇ ಅಲ್ಲ ಎಂಬುದೂ ಗೊತ್ತಿರಬೇಕು. ಉಮಾ ಎಂದರೆ ಜಪಾನಿಯಲ್ಲಿ ಕುದುರೆ, ಕಲಾ ಎಂಬ ಉಲಿಗೆ ಫಿನ್ನಿಷ್‌ನಲ್ಲಿ ಮೀನು, ಲತಾ ಸ್ಪ್ಯಾನಿಷ್‌ನಲ್ಲಿ ತಗಡಿನ ಡಬ್ಬಿ. ಇವು ಪರಿಚಯದ ದಿನ ನಕ್ಕು ಮರೆತುಬಿಡುವಂಥವು. ಷೆವರ್ಲೆ ನೋವಾ ಎಂಬ ಕಾರಿನ ಹೆಸರು ಸ್ಪ್ಯಾನಿಷ್‌ನಲ್ಲಿ 'ಓಡುವುದಿಲ್ಲ' ಎಂದು ಕೇಳಿಸಿ ಅದು ಮಾರಾಟವಾಗಲಿಲ್ಲ ಎಂಬ ಕಥೆ ಬಹಳ ಪ್ರಸಿದ್ಧ, ಆದರೆ ಸುಳ್ಳು. ಮೆಕ್ಸಿಕೊ, ವೆನೆಜುವೆಲಾಗಳಲ್ಲಿ ಅದು ಚೆನ್ನಾಗಿಯೇ ಮಾರಾಟವಾಯಿತು. ಭಾಷೆ ಬಲ್ಲವರು ಇಡೀ ಪದವನ್ನು ಕೇಳಿಸಿಕೊಳ್ಳುತ್ತಾರೆ, ಒಡೆದು ಅರ್ಥ ಮಾಡುವುದಿಲ್ಲ. ಪಜೆರೊ ಜೀಪಿನ ಕಥೆ ಮಾತ್ರ ನಿಜ. ಆ ಪದ ಸ್ಪ್ಯಾನಿಷ್‌ನಲ್ಲಿ ನೇರವಾಗಿ ಅಶ್ಲೀಲವಾದ್ದರಿಂದ ಮಿತ್ಸುಬಿಷಿ ಅಲ್ಲಿ ಅದನ್ನು ಮೊಂಟೆರೊ ಎಂದು ಮಾರಿತು. ಇಡೀ ಪದವೇ ಬೈಗುಳವಾಗಿ ಕೇಳಿಸುತ್ತದೆಯೇ ಎಂಬುದನ್ನಷ್ಟೇ ಪರೀಕ್ಷಿಸಿಕೊಳ್ಳಬೇಕು.

ಪರೀಕ್ಷೆಗೂ ಒಂದು ಕ್ರಮವಿದೆ. ಆ ಭಾಷೆಯನ್ನು ಹುಟ್ಟಿನಿಂದ ಆಡುವವರ ಕೈಗೆ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು ಬರೆದ ಚೀಟಿ ಕೊಟ್ಟು, ನೀವು ಹೇಗೆ ಓದುತ್ತೀರಿ ಎಂದು ಕೇಳಬೇಕು. ಮೊದಲೇ ಉಚ್ಚರಿಸಿ ತೋರಿಸಿದರೆ ಅವರು ಅದನ್ನೇ ಅನುಸರಿಸುತ್ತಾರೆ, ಪರೀಕ್ಷೆ ಕೆಡುತ್ತದೆ. ಹೆಸರು ಚೆನ್ನಾಗಿದೆಯೇ ಎಂದು ಕೇಳಿದರೆ ಸೌಜನ್ಯಕ್ಕೆ ಹೌದೆನ್ನುತ್ತಾರೆ. ಶಾಲೆಯ ಮಕ್ಕಳು ಇದನ್ನು ಹಿಡಿದು ಏನೆಂದು ಗೇಲಿ ಮಾಡಿಯಾರು ಎಂದು ಕೇಳಿದರೆ ನಿಜ ಹೊರಬೀಳುತ್ತದೆ. ವಿಕ್ಷನರಿಯಂಥ ನಿಘಂಟು ಇಡೀ ಪದವನ್ನು ಹಿಡಿದುಕೊಡುತ್ತದೆ, ಎರಡು ಪದ ಸೇರಿ ಆಗುವ ಬೈಗುಳವನ್ನು ಹಿಡಿಯುವುದಿಲ್ಲ.

ಕುಸುಮ ಅಂಥ ಹೆಸರು. ಅರಬ್ಬಿಯಲ್ಲಿ 'ಕುಸ್' ಹೆಣ್ಣಿನ ಗುಪ್ತಾಂಗಕ್ಕೆ ಬೀದಿಯವರು ಆಡುವ ಪದ, 'ಉಮ್ಮ್' ಎಂದರೆ ತಾಯಿ. ಎರಡನ್ನೂ ಕೂಡಿಸಿದರೆ ಆ ಭಾಷೆಯ ಅತಿ ಕೆಟ್ಟ ಬೈಗುಳಗಳಲ್ಲೊಂದಾಗುತ್ತದೆ. ಕರಾವಳಿಯಿಂದ ಗಲ್ಫಿಗೆ ಹೋಗುವ ಕುಸುಮಾರಿಗೆ ಈ ವಿಷಯ ಮೊದಲೇ ತಿಳಿದಿರುವುದು ಒಳ್ಳೆಯದು. ಯುಎಇಯ ಎಮಿರೇಟ್ಸ್ ಐಡಿಯಲ್ಲಿ, ಸೌದಿಯ ಇಕಾಮಾದಲ್ಲಿ ಹೆಸರು ಅರಬ್ಬಿ ಲಿಪಿಯಲ್ಲೂ ಇರುತ್ತದೆ. ಆ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕುಸುಮವನ್ನು ಸ್ವರ ಬಿಟ್ಟು ಬರೆದರೆ ಕಾಫ್ ಮತ್ತು ಸೀನ್ ಅಕ್ಷರಗಳು ಅಕ್ಕಪಕ್ಕ ಬಂದು ಆ ಪದವೇ ಕಣ್ಣಿಗೆ ರಾಚುತ್ತದೆ. ನಡುವೆ ವಾವ್ ಎಂಬ ಅಕ್ಷರ ಸೇರಿಸಿದರೆ ಓದು ಕೂಸುಮಾ ಎಂದಾಗುತ್ತದೆ, ಜೋಡಿ ಒಡೆಯುತ್ತದೆ. ನಾಯಕ್ ಎಂಬ ಮನೆತನದ ಹೆಸರಿಗೂ ಅರಬ್ಬಿಯಲ್ಲಿ ಇಂಥದೇ ಕೀಳರ್ಥ ಬರುತ್ತದೆ. ಆದರೆ ಅಲ್ಲಿ ದೀರ್ಘ ಸ್ವರ ಆಗಲೇ ಇರುವುದರಿಂದ ವಾವ್‌ನಂಥ ಸುಲಭ ಪರಿಹಾರವಿಲ್ಲ. ಗಲ್ಫಿನ ಕಚೇರಿಗಳಿಗೆ ಭಾರತೀಯ ಹೆಸರುಗಳು ಹೊಸವಲ್ಲ ಎಂಬುದಷ್ಟೇ ಸಮಾಧಾನ.

ದುಬೈಯಲ್ಲಿ ಇಂಥ ಅರ್ಜಿಗಳನ್ನು ತುಂಬಿಕೊಡುವುದು ಟೈಪಿಂಗ್ ಸೆಂಟರ್‌ಗಳು. ಪಾಸ್‌ಪೋರ್ಟ್ ನೋಡಿ ಅರಬ್ಬಿಯ ಹೆಸರನ್ನು ಕೂರಿಸುವ ಕೆಲಸ ಅಲ್ಲಿ ಬೇಗ ಮುಗಿದುಹೋಗುತ್ತದೆ. ಅರ್ಜಿ ಸಲ್ಲಿಸುವ ಮುನ್ನ ಅರಬ್ಬಿ ಸಾಲನ್ನು ಗಟ್ಟಿಯಾಗಿ ಓದಿ ಎಂದು ಅವರನ್ನೇ ಕೇಳಬಹುದು. ಕಾಫ್ ಆದ ಮೇಲೆ ವಾವ್ ಇದೆಯೇ ಎಂದು ಬೆರಳಿಟ್ಟು ತೋರಿಸಿಕೊಳ್ಳಬಹುದು. ಕಾರ್ಡ್ ಅಚ್ಚಾದ ಮೇಲೆ ತಿದ್ದಿಸಲು ಹೊರಟರೆ ಮತ್ತೆ ಅರ್ಜಿ, ಮತ್ತೆ ಶುಲ್ಕ.