ವಿಭಾಗ ಬದಲಾವಣೆ ಕೇಳುವ ಮುನ್ನ

ಒಂದೇ ಕಂಪನಿಯೊಳಗೆ ಬೇರೆ ವಿಭಾಗಕ್ಕೆ ಹೋಗಲು ಬರೆಯುವ ಅರ್ಜಿಯನ್ನು ಮೂವರು ಓದುತ್ತಾರೆ. ಈಗಿನ ವಿಭಾಗದ ಮುಖ್ಯಸ್ಥರಿಗೆ ಇವರು ಬಿಟ್ಟುಹೋಗುವ ಕೆಲಸವನ್ನು ಯಾರಿಗೆ ಒಪ್ಪಿಸುವುದೆಂಬ ಚಿಂತೆ. ಸೇರಿಸಿಕೊಳ್ಳಬೇಕಾದವರಿಗೆ ಇವರು ಎಷ್ಟು ದಿನದಲ್ಲಿ ಕೆಲಸಕ್ಕೆ ಒದಗುತ್ತಾರೆಂಬ ಪ್ರಶ್ನೆ. ಎಚ್‌ಆರ್‌ನವರಿಗೆ ನಿಯಮ, ಹುದ್ದೆ, ಸಂಬಳದ ಲೆಕ್ಕ. ಬರೆದವರ ಆಸೆಯನ್ನಷ್ಟೇ ಹೇಳುವ ಅರ್ಜಿಯಲ್ಲಿ ಈ ಮೂವರಿಗೂ ಬೇಕಾದದ್ದು ಸಿಗುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ಯುವತಿಯೊಬ್ಬರು ಅಲ್ಲಿ ಸಿಎನ್‌ಸಿ ವಿಭಾಗದ ಶಿಫ್ಟ್ ಸೂಪರ್‌ವೈಸರ್ ಆಗಿ ನಾಲ್ಕು ವರ್ಷ ದುಡಿದಿದ್ದಾರೆ. ಈಗ ಕ್ವಾಲಿಟಿ ವಿಭಾಗಕ್ಕೆ ಹೋಗಬೇಕೆಂದಿದ್ದಾರೆ.

ಕಾರಣದಿಂದಲೇ ಶುರು ಮಾಡೋಣ. ರಾತ್ರಿ ಪಾಳಿ ಸಾಕಾಗಿರಬಹುದು, ಮೇಲಧಿಕಾರಿಯೊಂದಿಗೆ ಹೊಂದಿಕೆ ಆಗದಿರಬಹುದು. ಅರ್ಜಿಯಲ್ಲಿ ಅದೇ ಮುಖ್ಯವಾದರೆ ಓದುವವರ ಕಣ್ಣಿಗೆ ಅದು ದೂರಾಗಿ ಕಾಣುತ್ತದೆ. ಮನೆಯ ತೊಂದರೆ ನಿಜವಿದ್ದರೆ ಒಂದೇ ವಾಕ್ಯದಲ್ಲಿ ನೇರವಾಗಿ ಹೇಳಬೇಕು. ಉಳಿದದ್ದು ಹೊಸ ಕೆಲಸದ ಕಡೆಗಿನ ಒಲವನ್ನು ತೋರಬೇಕು, ಅದೂ ಮಾಡಿದ ಕೆಲಸದ ಮೂಲಕ. ನಮ್ಮ ಸೂಪರ್‌ವೈಸರ್ ಹೀಗೆ ಬರೆಯಬಹುದು:

“ಬುಷ್‌ನ ಒಳವ್ಯಾಸ ದೊಡ್ಡದಾಗಿ ಪದೇ ಪದೇ ರಿಜೆಕ್ಟ್ ಆಗುತ್ತಿದ್ದಾಗ ಪ್ರತಿ ಗಂಟೆಯ ಅಳತೆಯನ್ನು ಬರೆದಿಟ್ಟೆ. ಹೊಸ ಇನ್ಸರ್ಟ್ ಹಾಕಿದ ಮೇಲೆ ಆಫ್‌ಸೆಟ್ ಸರಿಪಡಿಸದೆ ಬಿಡುತ್ತಿದ್ದುದೇ ಕಾರಣವೆಂದು ಅದರಿಂದ ತಿಳಿಯಿತು. ದೋಷದ ಮೂಲ ಹುಡುಕುವ ಈ ಕೆಲಸವನ್ನೇ ಪೂರ್ಣಾವಧಿ ಮಾಡಬೇಕೆಂಬುದು ನನ್ನ ಕೋರಿಕೆ.”

ಇಲ್ಲಿ ಕಾರಣವೂ ಕೌಶಲವೂ ಒಂದೇ ಘಟನೆಯಲ್ಲಿ ಬಂದಿವೆ. ಡ್ರಾಯಿಂಗ್ ಓದುವುದು, ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಹಿಡಿಯುವುದು, ಪಾಳಿಯ ಮೊದಲ ಪೀಸ್ ತಪಾಸಣೆ ಮಾಡುವುದು ಈಗಾಗಲೇ ಗೊತ್ತು ಎಂಬುದನ್ನು ಇದರ ಜತೆ ಸೇರಿಸಬೇಕು. ಗೊತ್ತಿಲ್ಲದ್ದನ್ನೂ ಮುಚ್ಚಿಡಬಾರದು. ಸಿಎಂಎಂ ಎಂಬ ಅಳತೆ ಯಂತ್ರ ನಡೆಸಲು ಬಾರದಿದ್ದರೆ ಹಾಗೆಂದು ಬರೆದು, ಯಾವಾಗ, ಯಾರ ಬಳಿ ಕಲಿಯಬಹುದೆಂದು ಸೂಚಿಸಬೇಕು. ಸಂದರ್ಶನದಲ್ಲಿ ಅದು ತಾನಾಗಿ ಹೊರಬಿದ್ದರೆ ಉಳಿದ ಮಾತುಗಳ ಮೇಲೂ ಅನುಮಾನ ಬರುತ್ತದೆ.

ಅರ್ಜಿ ಗೆಲ್ಲುವುದೋ ಸೋಲುವುದೋ ಎಂಬುದು ಬಹುಪಾಲು ಸಮಯದ ಮೇಲೆ ನಿಂತಿರುತ್ತದೆ. ಇಷ್ಟು ಕಾಲ ಈಗಿನ ಹುದ್ದೆಯಲ್ಲಿ ಇರಲೇಬೇಕೆಂಬ ನಿಯಮ ಹಲವು ಕಂಪನಿಗಳಲ್ಲಿದೆ. ಅದನ್ನು ಮೊದಲು ನೋಡಿಕೊಳ್ಳಬೇಕು. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಲೆಕ್ಕವರ್ಷ ನಡೆಯುವ ಕಡೆ ಮಾರ್ಚ್ ತಿಂಗಳಿಡೀ ಡಿಸ್ಪ್ಯಾಚ್‌ನ ಒತ್ತಡ. ಆಗ ಸೂಪರ್‌ವೈಸರನ್ನು ಯಾರೂ ಬಿಟ್ಟುಕೊಡರು. ಅಪ್ರೈಸಲ್‌ಗೆ ಮುಂಚೆ ಹೋದರೆ ಇನ್ನೊಂದು ತೊಡಕಿದೆ. ಹೊಸ ಮುಖ್ಯಸ್ಥರು ನಿಮ್ಮ ಕೆಲಸ ನೋಡಿಲ್ಲ, ಹಳೆಯವರಿಗೆ ನಿಮ್ಮ ಪರ ವಾದಿಸುವ ತುರ್ತಿಲ್ಲ. ಮೌಲ್ಯಮಾಪನ ಮುಗಿದು ಹೊಸ ವರ್ಷದ ಹುದ್ದೆಗಳಿಗೆ ಒಪ್ಪಿಗೆ ಸಿಕ್ಕ ಮೇಲೆ ಕೇಳುವುದು ಲೇಸು. ಮಧ್ಯದಲ್ಲೇ ಹೋಗಬೇಕಾದರೆ ಅಲ್ಲಿಯವರೆಗಿನ ಕೆಲಸದ ಮೌಲ್ಯಮಾಪನವನ್ನು ಬರಹದಲ್ಲಿ ಪಡೆಯಬೇಕು. ಅರ್ಜಿಯಲ್ಲಿ ‘ಸಾಧ್ಯವಾದಷ್ಟು ಬೇಗ’ ಎನ್ನುವುದಕ್ಕಿಂತ ‘ಜೂನ್ 1ರಿಂದ, ಮೇ ತಿಂಗಳಲ್ಲಿ ಎರಡನೇ ಪಾಳಿಯ ಹಿರಿಯ ಆಪರೇಟರ್‌ಗೆ ಕೆಲಸ ಒಪ್ಪಿಸುತ್ತೇನೆ’ ಎಂದರೆ ಈಗಿನ ಮುಖ್ಯಸ್ಥರ ಚಿಂತೆಗೆ ದಾರಿ ತೋರಿಸಿದಂತಾಗುತ್ತದೆ.

ಬರೆಯುವ ಮೊದಲು ಅವರೊಂದಿಗೆ ಮಾತಾಡಿರಬೇಕು. ಎಚ್‌ಆರ್‌ನಿಂದ ಸುದ್ದಿ ತಿಳಿದ ಮೇಲಧಿಕಾರಿ ನ್ಯಾಯವಾದ ಕೋರಿಕೆಯನ್ನೂ ತಡೆಹಿಡಿಯಬಹುದು. ಅವರು ‘ನೋಡೋಣ’ ಎಂದಷ್ಟೇ ಹೇಳಿದರೆ ಯಾವ ತಿಂಗಳಲ್ಲಿ ಮತ್ತೆ ಮಾತಾಡೋಣವೆಂದು ಕೇಳಿ, ಒಪ್ಪಿದ್ದನ್ನು ಅಂದೇ ಇಮೇಲ್‌ನಲ್ಲಿ ಬರೆದು ಕಳಿಸಬೇಕು. ಬಾಯಿಮಾತಿನ ಭರವಸೆ ಮುಖ್ಯಸ್ಥರು ಬದಲಾದ ದಿನವೇ ಇಲ್ಲವಾಗುತ್ತದೆ.

ಸಂಬಳದ ಮಾತನ್ನೂ ಮೊದಲೇ ಆಡಿಕೊಳ್ಳಬೇಕು. ಮೂಲವೇತನ ಹಾಗೇ ಉಳಿದರೂ ಪಾಳಿ ಭತ್ಯೆ, ಓವರ್‌ಟೈಮ್, ಉತ್ಪಾದನಾ ಇನ್ಸೆಂಟಿವ್ ನಿಂತುಹೋಗಿ ಕೈಗೆ ಬರುವ ಮೊತ್ತ ಇಳಿಯಬಹುದು. ಇನ್ನೂ ಎಚ್ಚರ ಬೇಕಾದದ್ದು ಹೊಸ ವಿಭಾಗ ಅದೇ ಸಮೂಹದ ಬೇರೆ ಕಂಪನಿಯ ಹೆಸರಿನಲ್ಲಿದ್ದಾಗ. ಅಲ್ಲಿ ರಾಜೀನಾಮೆ ಕೊಡಿಸಿ ಹೊಸದಾಗಿ ಸೇರಿಸಿಕೊಂಡರೆ, ಕಾಯಂ ನೌಕರರ ಗ್ರಾಚ್ಯುಟಿಗೆ ಬೇಕಾದ ಐದು ವರ್ಷದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುವ ಅಪಾಯವಿದೆ. ನಾಲ್ಕು ವರ್ಷ ಮುಗಿಸಿದ ನಮ್ಮ ಸೂಪರ್‌ವೈಸರ್‌ಗೆ ಅದು ದೊಡ್ಡ ನಷ್ಟ. ಹಿಂದಿನ ಸೇವೆ ಮುಂದುವರಿಯುತ್ತದೆ ಎಂಬ ಸಾಲು, ವೇತನದ ವಿವರ, ಮತ್ತೆ ಪ್ರೊಬೇಷನ್ ಇದೆಯೇ ಎಂಬುದು ಆದೇಶಪತ್ರದಲ್ಲೇ ಇರಬೇಕು. ಇವನ್ನು ಓದಿ ಖಚಿತಪಡಿಸಿಕೊಂಡ ಮೇಲಷ್ಟೇ ಸಹಿ ಹಾಕಬೇಕು.