ತಂದೆತಾಯಿಗೆ ಮಗನ ಆಹ್ವಾನ ಪತ್ರ: ದಿನಾಂಕ ಮತ್ತು ಸಂಬಂಧಗಳ ಸ್ಪಷ್ಟತೆ

ಕೆನಡಾದಲ್ಲಿರುವ ಮಗ ಪುಣೆಯಲ್ಲಿರುವ ತಂದೆತಾಯಿಯನ್ನು ಕರೆಸಿಕೊಳ್ಳಲು ಬರೆಯುವ ಪತ್ರ ಮನೆಯವರಿಗೆ ಬರೆಯುವ ಪತ್ರದಂತಲ್ಲ. ಅದನ್ನು ಓದುವವರು ವೀಸಾ ಅಧಿಕಾರಿ. ಅಮೆರಿಕದ ಪ್ರವಾಸಿ ವೀಸಾಕ್ಕೆ ಇಂತಹ ಪತ್ರ ಕಡ್ಡಾಯವಲ್ಲ. ಆದರೆ ಕೆನಡಾದ ವಲಸೆ ಇಲಾಖೆಯು ಆಹ್ವಾನ ಪತ್ರದಲ್ಲಿ ಏನೇನಿರಬೇಕೆಂಬುದನ್ನು ತಾನೇ ಸೂಚಿಸಿದೆ. ಆಹ್ವಾನಿತರ ಪೂರ್ಣ ಹೆಸರು, ಜನ್ಮದಿನಾಂಕ, ವಿಳಾಸ, ಸಂಬಂಧ, ಭೇಟಿಯ ಉದ್ದೇಶ, ತಂಗುವ ಸ್ಥಳ, ಖರ್ಚಿನ ವ್ಯವಸ್ಥೆ ಮತ್ತು ಹಿಂದಿರುಗುವ ದಿನ ಅದರಲ್ಲಿರಬೇಕು. ಮಗನು ತನ್ನ ಉದ್ಯೋಗ, ವಾಸದ ಹಕ್ಕು ಹಾಗೂ ಮನೆಯಲ್ಲಿರುವವರ ಸಂಖ್ಯೆಯನ್ನೂ ತಿಳಿಸಬೇಕು.

ಇವುಗಳಲ್ಲಿ ನಮ್ಮವರು ಎಡವುವುದು ಹೆಚ್ಚಾಗಿ ಎರಡು ಕಡೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕೊಥ್ರೂಡದ ಹಿರಿಯ ದಂಪತಿ ಸೊಸೆಯ ಹೆರಿಗೆಯ ಸಮಯಕ್ಕೆ ಟೊರಾಂಟೊಗೆ ಹೊರಟಿದ್ದಾರೆ. ಮಗ ಪತ್ರದಲ್ಲಿ "ನಮ್ಮ ತಂದೆತಾಯಿ ಮೇ ತಿಂಗಳಿನಿಂದ ಸುಮಾರು ಆರು ತಿಂಗಳು ನಮ್ಮೊಡನೆ ಇರುತ್ತಾರೆ" ಎಂದು ಬರೆದಿದ್ದಾನೆ. ಆದರೆ ತಂದೆ ಮನೆಯ ಕೆಲಸಗಳಿಗಾಗಿ ಆಗಸ್ಟ್‌ನಲ್ಲೇ ಮರಳುವವರು, ಅವರ ಅರ್ಜಿಯಲ್ಲಿಯೂ ಹಾಗೆಯೇ ಇದೆ. ಪತ್ರ ಒಂದು ಹೇಳಿದರೆ ಅರ್ಜಿ ಇನ್ನೊಂದು ಹೇಳುತ್ತದೆ. ಭೇಟಿ ಮುಗಿದ ಮೇಲೆ ಇವರು ಹಿಂದಿರುಗುವರೇ ಎಂಬುದನ್ನೇ ಅಧಿಕಾರಿ ಮುಖ್ಯವಾಗಿ ತೂಗಿ ನೋಡುವುದರಿಂದ ಈ ಸಣ್ಣ ವ್ಯತ್ಯಾಸವೂ ಸಂಶಯಕ್ಕೆ ಎಡೆಗೊಡುತ್ತದೆ.

ಸರಿಯಾದ ಕ್ರಮವೆಂದರೆ ಇಬ್ಬರ ವಿಷಯವನ್ನೂ ಪ್ರತ್ಯೇಕ ವಾಕ್ಯಗಳಲ್ಲಿ ಬರೆಯುವುದು: "ನನ್ನ ತಂದೆ 2026ರ ಮೇ 10ರಂದು ಬಂದು ಆಗಸ್ಟ್ 3ರಂದು ಹಿಂದಿರುಗುವರು, ನನ್ನ ತಾಯಿ ಅದೇ ದಿನ ಬಂದು ನವೆಂಬರ್ 2ರಂದು ಹಿಂದಿರುಗುವರು." ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಿಂದ ಬರೆಯಬೇಕು. 05/06 ಎಂಬುದು ನಮಗೆ ಜೂನ್ 5, ಉತ್ತರ ಅಮೆರಿಕದ ಅನೇಕರಿಗೆ ಮೇ 6. ಸಾಮಾನ್ಯ ಸಂದರ್ಶಕರಿಗೆ ಪ್ರವೇಶದ ದಿನದಿಂದ ಆರು ತಿಂಗಳ ವಾಸಕ್ಕೆ ಅನುಮತಿ ದೊರೆಯುವುದು ವಾಡಿಕೆ. ಮೇ 10ರಿಂದ ಎಣಿಸಿದರೆ ಅದು ನವೆಂಬರ್ 10ರ ಸುಮಾರಿಗೆ ಮುಗಿಯುವುದರಿಂದ ತಾಯಿಗೆ ವಾರದ ಅವಕಾಶ ಉಳಿಯುತ್ತದೆ. ಗಡಿಯ ಅಧಿಕಾರಿ ಬೇರೆ ದಿನಾಂಕ ಬರೆದುಕೊಟ್ಟರೆ ಅದೇ ಅಂತಿಮ. ವೀಸಾ ಹತ್ತು ವರ್ಷದ್ದಾಗಿದ್ದರೂ ಅದು ಅಷ್ಟು ಕಾಲ ಅಲ್ಲಿರಲು ಪರವಾನಗಿಯಲ್ಲ.

ಇನ್ನು ಸಂಬಂಧದ ವಿಷಯ. ಮೇಲಿನ ಪತ್ರದ "ನಮ್ಮ ತಂದೆತಾಯಿ" ಎಂಬುದು ಮನೆಯಲ್ಲಿ ಸಹಜ, ಅಧಿಕಾರಿಗೆ ಅಸ್ಪಷ್ಟ. ಮಗನ ತಂದೆತಾಯಿಯೋ, ಸೊಸೆಯ ತಂದೆತಾಯಿಯೋ? "ನನ್ನ ತಂದೆ", "ನನ್ನ ತಾಯಿ" ಎಂದೇ ಬರೆದು, ಹೆಸರುಗಳನ್ನು ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳಂತೆಯೇ ಕೊಡಬೇಕು.

ಪತ್ರದ ಮಾತಿಗೆ ದಾಖಲೆಯ ಆಧಾರವೂ ಬೇಕು. ಇಲ್ಲಿ ನಮ್ಮ ಕುಟುಂಬಗಳಿಗೆ ವಿಶೇಷ ತೊಡಕುಗಳಿವೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವ ಪದ್ಧತಿಯಿಂದ ಮಗ ಹುಟ್ಟಿದ್ದು ಧಾರವಾಡದಲ್ಲಿ. ಜನನ ಪ್ರಮಾಣಪತ್ರ ಕನ್ನಡದಲ್ಲಿದೆ. ನಾಮಕರಣಕ್ಕೆ ಮುನ್ನವೇ ನೋಂದಾಯಿಸಿದ್ದರಿಂದ ಮಗುವಿನ ಹೆಸರಿನ ಜಾಗ ಖಾಲಿ. ತಾಯಿಯ ಹೆಸರು ಮದುವೆಯಲ್ಲಿ ಬದಲಾದದ್ದರಿಂದ ಅಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಹೆಸರಿಲ್ಲದ ಪ್ರಮಾಣಪತ್ರ ಆ ದಿನ ಆ ದಂಪತಿಗೆ ಗಂಡುಮಗು ಹುಟ್ಟಿತೆಂದು ತೋರಿಸೀತೇ ಹೊರತು ಆ ಮಗು ಇವನೇ ಎಂದು ತೋರಿಸದು.

ಇಂತಹ ಸಂದರ್ಭದಲ್ಲಿ ನೆರವಿಗೆ ಬರುವುದು ಮಗನ ಭಾರತೀಯ ಪಾಸ್‌ಪೋರ್ಟಿನ ಕೊನೆಯ ಪುಟ. ಅಲ್ಲಿ ತಂದೆ ಮತ್ತು ತಾಯಿಯ ಹೆಸರುಗಳು ಮುದ್ರಿತವಾಗಿರುತ್ತವೆ. ಅವನು ಕೆನಡಾದ ಪೌರತ್ವ ಪಡೆದಿದ್ದರೆ ರದ್ದಾದ ಹಳೆಯ ಪಾಸ್‌ಪೋರ್ಟಿನ ಪ್ರತಿಯನ್ನು ಲಗತ್ತಿಸಬಹುದು. (ಹಳೆಯದನ್ನು ಎಸೆಯಬೇಡಿ ಎಂದು ಮಕ್ಕಳಿಗೆ ಹೇಳಿಡುವುದು ಒಳ್ಳೆಯದು.) ಕನ್ನಡ ಪ್ರಮಾಣಪತ್ರದ ಜೊತೆ ಇಂಗ್ಲಿಷ್ ಅನುವಾದ ಹಾಗೂ ಅನುವಾದಕರ ಪ್ರಮಾಣಪತ್ರ ಇರಬೇಕು, ಕನ್ನಡ, ಇಂಗ್ಲಿಷ್ ಎರಡೂ ಚೆನ್ನಾಗಿ ಬಂದರೂ ಮನೆಯವರೇ ಅನುವಾದಿಸುವಂತಿಲ್ಲ. ತಾಯಿಯ ಎರಡು ಹೆಸರುಗಳಿಗೆ ವಿವಾಹ ಪ್ರಮಾಣಪತ್ರ ಅಥವಾ ಅಫಿಡವಿಟ್ ಇಟ್ಟು, ಪತ್ರದಲ್ಲಿಯೂ "ಮದುವೆಗೆ ಮುಂಚಿನ ಹೆಸರು ಇದು" ಎಂದು ಒಂದು ವಾಕ್ಯ ಸೇರಿಸಬೇಕು. ವಿವರಣೆ ಇಲ್ಲದಿದ್ದರೆ ಇಬ್ಬರು ಬೇರೆ ಬೇರೆ ಹೆಂಗಸರೆಂದು ತೋರುತ್ತದೆ.

ಹೆಚ್ಚು ಕಾಲ ಉಳಿಯುವ ಉದ್ದೇಶವಿದ್ದರೆ ತಂದೆತಾಯಿ ಮತ್ತು ಅಜ್ಜ-ಅಜ್ಜಿಯರಿಗೆಂದೇ ಇರುವ ಸೂಪರ್ ವೀಸಾ ಬೇರೆ. 2022ರ ಜುಲೈನಿಂದ ಅದರಲ್ಲಿ ಒಂದು ಭೇಟಿಗೆ ಐದು ವರ್ಷಗಳವರೆಗೆ ಇರಬಹುದು. ಅದಕ್ಕೆ ಮಗನ ಪತ್ರದಲ್ಲಿ ಪೋಷಣೆಯ ಲಿಖಿತ ವಾಗ್ದಾನ ಇರಬೇಕು. ನಿಗದಿತ ಆದಾಯದ ದಾಖಲೆ ಮತ್ತು ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್‌ಗಳ ಆರೋಗ್ಯ ವಿಮೆಯೂ ಬೇಕು.

ಪತ್ರ ಒಂದೆರಡು ಪುಟ ಮೀರಬೇಕಾಗಿಲ್ಲ. ಮಗ ದಿನಾಂಕ ಹಾಕಿ ಸಹಿ ಮಾಡಿ, ತನ್ನ ಪೌರತ್ವ ಅಥವಾ ಕಾಯಂ ವಾಸದ ಪುರಾವೆಯ ಪ್ರತಿಯೊಡನೆ ಕಳುಹಿಸಬೇಕು. ಅರ್ಜಿ ತುಂಬುವ ಮುನ್ನ ಅದನ್ನು ಪುಣೆಯಲ್ಲಿರುವ ತಂದೆತಾಯಿ ಓದಿ, ಎರಡೂ ಪಾಸ್‌ಪೋರ್ಟುಗಳನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಅಕ್ಷರ, ಪ್ರತಿ ದಿನಾಂಕವನ್ನು ತಾಳೆ ನೋಡಬೇಕು. ತಪ್ಪು ಕಂಡರೆ ಮೇಲೆ ತಿದ್ದದೆ ಹೊಸ ಪತ್ರವನ್ನೇ ತರಿಸಿಕೊಳ್ಳುವುದು ಲೇಸು. ವಿಮಾನದ ಟಿಕೆಟನ್ನು ಮಾತ್ರ ವೀಸಾ ಕೈಸೇರಿದ ಮೇಲೆಯೇ ಕೊಳ್ಳಿರಿ.